ರಾತ್ರಿ ಒಂದಕ್ಕೆ ಕೆಂಪು, ಬೆಳಿಗ್ಗೆ ಹತ್ತಕ್ಕೆ ಹಸಿರು: ಒಬ್ಬ ಟೆಸ್ಟರ್‌ನ ಅನುಭವದ ಸಾಲುಗಳು

(ಬೆಂಗಳೂರಿನಲ್ಲಿ ಒಂದು ಭಾನುವಾರ ಟೆಸ್ಟರ್‌ಗಳ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ನಾನು ಟೆಸ್ಟಿಂಗ್ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ಆಯಿತು. ಅದರಲ್ಲಿ ಏಳು ವರ್ಷದಿಂದ ಇಂಟರ್‌ವ್ಯೂ ಕೂಡ ಮಾಡುತ್ತಿದ್ದೇನೆ. ನನ್ನ ಮುಂದೆ ಬರುವ ರೆಸ್ಯೂಮೆಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ: "ಪೇಜ್ ಆಬ್ಜೆಕ್ಟ್ ಮಾಡೆಲ್ ಬಳಸಿ ಸೆಲೆನಿಯಂ ಆಟೊಮೇಷನ್ ಫ್ರೇಮ್‌ವರ್ಕ್‌ನಲ್ಲಿ ಕೆಲಸ ಮಾಡಿದ್ದೇನೆ." ಇದು ಸುಳ್ಳಲ್ಲ. ಆದರೆ ಇದನ್ನು ಓದಿದ ಮೇಲೂ ನನಗೆ ಆ ಮನುಷ್ಯನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಕೆಳಗಿನ ಸಾಲು "250ಕ್ಕೂ ಹೆಚ್ಚು ಡಿಫೆಕ್ಟ್ ಹಿಡಿದಿದ್ದೇನೆ." ಅದರ ಕೆಳಗೆ "ಗುಣಮಟ್ಟದ ರಿಲೀಸ್ ಖಾತ್ರಿಪಡಿಸಿದ್ದೇನೆ." ಮೂರು ಸಾಲು, ಮೂರೂ ಬೇರೆ ಬೇರೆ ಊರಿನವರ ಹಾಗೆ ಒಂದಕ್ಕೊಂದು ಪರಿಚಯವೇ ಇಲ್ಲ.

ಇವತ್ತು ನಾನು ಒಬ್ಬಳೇ ಒಬ್ಬಳ ರೆಸ್ಯೂಮೆ ಹಿಡಿದು ಮಾತಾಡುತ್ತೇನೆ. ದಾವಣಗೆರೆಯ ಹುಡುಗಿ, ನಾಲ್ಕು ವರ್ಷದ ಅನುಭವ. ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಪಿಜಿಯಲ್ಲಿದ್ದಳು, ಹಾಗೆ ಪರಿಚಯ. ಅವಳ ಹೆಸರು, ಕಂಪನಿ ಹೆಸರು ಬೇಡ. ಕೆಲಸ ಮಾಡಿದ್ದು ಬಸ್ ಟಿಕೆಟ್ ಬುಕ್ ಮಾಡುವ ಆ್ಯಪ್ ಮೇಲೆ, ಅಷ್ಟು ಸಾಕು. ಅವಳ ರೆಸ್ಯೂಮೆ ಇರುವುದು ಇಂಗ್ಲಿಷ್‌ನಲ್ಲಿ. ಇಲ್ಲಿ ಸಾಲುಗಳನ್ನು ಕನ್ನಡದಲ್ಲೇ ಹೇಳುತ್ತೇನೆ.

ಒಂದು ಸಂಜೆ ರೆಸ್ಯೂಮೆ ಹಿಡಿದು ಮನೆಗೆ ಬಂದಳು. ಆಗಲೇ ಹೇಳಿದೆನಲ್ಲ, ಅವೇ ಮೂರು ಸಾಲು. ನಾನು ಓದಿ ಕೆಳಗಿಟ್ಟು, "ಈ ಫ್ರೇಮ್‌ವರ್ಕ್ ನೀನೇ ಕಟ್ಟಿದ್ದಾ?" ಅಂತ ಕೇಳಿದೆ.

"ಇಲ್ಲ ಅಕ್ಕಾ, ನಾನು ಸೇರುವ ಹೊತ್ತಿಗೆ ಇತ್ತು. ಕಟ್ಟಿದವರು ಬಿಟ್ಟು ಹೋಗಿದ್ದರು."

"ಹಾಗಾದರೆ ನೀನೇನು ಮಾಡಿದೆ?"

"ರಿಪೇರಿ ಮಾಡಿದೆ, ಅಷ್ಟೇ."

ಅಷ್ಟೇ ಅಂದಳು ನೋಡಿ, ಅವಳ ನಾಲ್ಕು ವರ್ಷದ ಒಳ್ಳೇ ಕೆಲಸವೆಲ್ಲ ಅದರೊಳಗೇ ಇತ್ತು.

ಕಥೆ ಹೀಗಿದೆ. ಅವಳು ಸೇರಿದಾಗ 180 ಆಟೊಮೇಷನ್ ಟೆಸ್ಟ್ ಇದ್ದವು. ಜಾವಾ, ಸೆಲೆನಿಯಂ, ಟೆಸ್ಟ್‌ಎನ್‌ಜಿ. ಆಫೀಸಿನಲ್ಲೇ ಇದ್ದ ಒಂದು ಜೆಂಕಿನ್ಸ್ ಮಷೀನ್‌ನಲ್ಲಿ ರಾತ್ರಿ ಒಂದು ಗಂಟೆಗೆ ಓಟ ಶುರುವಾಗುತ್ತಿತ್ತು. ಮುಗಿಯಲು 4 ಗಂಟೆ 10 ನಿಮಿಷ. ಬೆಳಿಗ್ಗೆ ಬಂದು ನೋಡಿದರೆ ದಿನಾ ಹದಿನೈದಿಪ್ಪತ್ತು ಟೆಸ್ಟ್ ಕೆಂಪು. ಅವನ್ನೇ ಹತ್ತು ಗಂಟೆಗೆ ಮತ್ತೆ ಓಡಿಸಿದರೆ ಬಹಳಷ್ಟು ಹಸಿರು. "ಫ್ಲೇಕಿ ಬಿಡಮ್ಮ" ಅನ್ನುವುದು ಟೀಮಿನಲ್ಲಿ ಗುಡ್ ಮಾರ್ನಿಂಗ್ ಅನ್ನುವಷ್ಟೇ ಮಾಮೂಲಿ ಮಾತಾಗಿತ್ತು. ರಿಪೋರ್ಟ್ ಯಾರೂ ತೆರೆಯುತ್ತಿರಲಿಲ್ಲ. ರಿಲೀಸ್ ಬಂತೆಂದರೆ ಮೂವರು ಕೂತು ಎರಡೂವರೆ ದಿನ ಕೈಯಿಂದಲೇ ಎಲ್ಲ ಪರೀಕ್ಷೆ ಮಾಡುತ್ತಿದ್ದರು. ಅಂದರೆ ಆಟೊಮೇಷನ್ ಇತ್ತು, ಅದನ್ನು ನಂಬುವವರು ಇರಲಿಲ್ಲ.

ಅವಳು ಮೊದಲು ಮಾಡಿದ್ದು, ಸುಮ್ನೆ ಒಂದು ಎಕ್ಸೆಲ್ ತೆರೆದು 20 ರಾತ್ರಿಯ ಫಲಿತಾಂಶ ಬರೆದಿಟ್ಟದ್ದು. ಯಾವ ಟೆಸ್ಟ್ ಯಾವ ರಾತ್ರಿ ಬಿತ್ತು, ಬೆಳಿಗ್ಗೆ ಅದೇ ಬಿಲ್ಡ್ ಮೇಲೆ ಓಡಿಸಿದರೆ ಏನಾಯಿತು. ಕೋಡ್ ಬದಲಾಗದೆ ಫಲಿತಾಂಶ ಬದಲಾದರೆ ಆ ಟೆಸ್ಟ್ ಫ್ಲೇಕಿ. ಗೆರೆ ಎಳೆದು ನೋಡಿದಾಗ ಎರಡು ಕಾರಣ ಎದ್ದು ಕಂಡವು.

ಮೊದಲನೆಯದು `Thread.sleep(5000)`. ಪೇಜ್ ಬರಲಿ ಅಂತ ಐದು ಸೆಕೆಂಡ್ ಕಣ್ಣು ಮುಚ್ಚಿ ಕಾಯುವುದು. ಪೇಜ್ ಒಂದೇ ಸೆಕೆಂಡಿಗೆ ಬಂದರೂ ಐದು ಕಾಯುತ್ತದೆ, ಆರು ಸೆಕೆಂಡ್ ತಗೊಂಡರೆ ಟೆಸ್ಟ್ ಬೀಳುತ್ತದೆ. ಒಂದೊಂದು ಟೆಸ್ಟ್‌ನಲ್ಲಿ ನಾಲ್ಕೈದು ಕಡೆ ಇದೇ. ಅದನ್ನೆಲ್ಲ ತೆಗೆದು, ಬೇಕಾದ ಬಟನ್ ಕ್ಲಿಕ್ ಮಾಡುವ ಹಾಗೆ ಆಗುವವರೆಗೆ ಮಾತ್ರ ಕಾಯುವ ಎಕ್ಸ್‌ಪ್ಲಿಸಿಟ್ ವೇಟ್ ಹಾಕಿದಳು:

```java
new WebDriverWait(driver, Duration.ofSeconds(10))
    .until(ExpectedConditions.elementToBeClickable(payButton));
```

ಇದೊಂದರಿಂದಲೇ ಬಹಳಷ್ಟು ನಿಮಿಷ ಉಳಿಯಿತು.

ಎರಡನೆಯದು ಸ್ವಲ್ಪ ಮಜವಾಗಿದೆ. ಎಲ್ಲ ಟೆಸ್ಟ್‌ಗಳೂ ಒಂದೇ ಲಾಗಿನ್ ಬಳಸುತ್ತಿದ್ದವು. ಒಂದು ಟೆಸ್ಟ್ ಸೀಟ್ ಬುಕ್ ಮಾಡಿ ಅರ್ಧದಲ್ಲೇ ಬಿದ್ದರೆ, ಆ ಬುಕಿಂಗ್ ಅಲ್ಲೇ ಉಳಿಯುತ್ತಿತ್ತು. "ಈ ಬಳಕೆದಾರನ ಹತ್ತಿರ ಒಂದೇ ಟಿಕೆಟ್ ಇದೆ" ಅಂತ ನಂಬಿ ಕೂತ ಮುಂದಿನ ಟೆಸ್ಟ್ ಎರಡು ನೋಡಿ ಬೀಳುತ್ತಿತ್ತು. ಒಬ್ಬರ ಮನೆ ಕಸ ಪಕ್ಕದ ಮನೆ ಬಾಗಿಲಿಗೆ ಬಂದ ಹಾಗೆ. ಅವಳು ಪ್ರತಿ ಟೆಸ್ಟ್ ಶುರುವಾಗುವ ಮುಂಚೆ ಎಪಿಐ ಮೂಲಕ ಹೊಸ ಬಳಕೆದಾರನನ್ನು ಮಾಡಿಸುವ ವ್ಯವಸ್ಥೆ ತಂದಳು. ಅದು ಆದ ಮೇಲೆ ನಾಲ್ಕು ಟೆಸ್ಟ್‌ಗಳನ್ನು ಒಟ್ಟಿಗೆ ಓಡಿಸಲು ಧೈರ್ಯ ಬಂತು. ಬ್ರೌಸರ್ ನಡೆಸುವ ಡ್ರೈವರ್ `static` ಆಗಿದ್ದರಿಂದ, ಅಂದರೆ ಎಲ್ಲ ಟೆಸ್ಟ್‌ಗಳಿಗೂ ಒಂದೇ ಇದ್ದದ್ದರಿಂದ, ಒಂದು ಟೆಸ್ಟ್‌ನ ಕ್ಲಿಕ್ ಇನ್ನೊಂದರ ಬ್ರೌಸರ್‌ಗೆ ಹೋಗಿ ಒಂದು ವಾರ ತಲೆ ಕೆಡಿಸಿತಂತೆ. ಅದನ್ನು `ThreadLocal`ಗೆ ಬದಲಿಸಿದ ಮೇಲೆ ಸರಿಯಾಯಿತು. ಕೊನೆಗೆ 250 ನಿಮಿಷದ ಓಟ 55 ನಿಮಿಷಕ್ಕೆ ಬಂತು.

ಇನ್ನೊಂದು ಕೆಲಸ ಮಾಡಿದ್ದಳು, ಅದನ್ನು ನನ್ನ ಹತ್ತಿರ ಹೇಳಲೂ ನಾಚಿಕೊಂಡಳು. 22 ಟೆಸ್ಟ್ ಅಳಿಸಿದ್ದಳು. ಯಾಕೆ? ಅವುಗಳಲ್ಲಿ ಬಂದ ಫಲಿತಾಂಶ ಸರಿಯೇ ಅಂತ ನೋಡುವ ಅಸರ್ಟ್ ಅನ್ನುವುದೇ ಇರಲಿಲ್ಲ. ಪೇಜ್ ತೆರೆದು, ಕ್ಲಿಕ್ ಮಾಡಿ, ಮುಚ್ಚಿ, ಹಸಿರು. ದರ ತಪ್ಪಿದ್ದರೂ ಹಸಿರು. ಅವಳು ಕಂಡುಕೊಂಡ ರೀತಿ ಸರಳ: ಟೆಸ್ಟ್ ಸರ್ವರ್‌ನಲ್ಲಿ ಒಂದು ಮಾರ್ಗದ ಟಿಕೆಟ್ ದರವನ್ನು ಬೇಕಂತಲೇ ತಪ್ಪಾಗಿ ಬದಲಿಸಿ, ದರ ನೋಡುತ್ತೇವೆ ಅಂತ ಹೇಳಿಕೊಳ್ಳುವ ಟೆಸ್ಟ್‌ಗಳನ್ನು ಓಡಿಸಿದಳು. ಕೆಂಪಾಗಬೇಕಾದವು ಕೆಂಪಾಗಲಿಲ್ಲ. ನಿಮ್ಮ ಟೆಸ್ಟ್‌ಗಳ ಮೇಲೂ ಒಮ್ಮೆ ಮಾಡಿ ನೋಡಿ, ಆಮೇಲೆ ರಾತ್ರಿ ನಿದ್ದೆ ಬರದಿದ್ದರೆ ನನ್ನನ್ನು ಬೈಯಬೇಡಿ.

"180 ಇದ್ದದ್ದು 158 ಆಯ್ತಲ್ಲಕ್ಕಾ, ಕಡಿಮೆ ಮಾಡಿದೆ ಅಂತ ಹೇಗೆ ಬರೆಯೋದು?" ಅಂತ ಅವಳ ಚಿಂತೆ. ನಾನು ಅದನ್ನೇ ಬರೆಯಲು ಹೇಳಿದೆ. "500 ಟೆಸ್ಟ್ ಆಟೊಮೇಟ್ ಮಾಡಿದೆ" ಅನ್ನುವ ಸಾಲನ್ನು ನಾನು ವಾರಕ್ಕೆ ಹತ್ತು ಸಲ ನೋಡುತ್ತೇನೆ. "22 ಅಳಿಸಿದೆ, ಯಾಕೆಂದರೆ ಅವು ಏನನ್ನೂ ಪರೀಕ್ಷಿಸುತ್ತಿರಲಿಲ್ಲ" ಅನ್ನುವ ಸಾಲನ್ನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಈಗ ಡಿಫೆಕ್ಟ್ ವಿಷಯ. ಸದ್ದು ಅಡಗಿದ ಮೇಲೆ, ಅಂದರೆ ಸುಳ್ಳು ಕೆಂಪುಗಳೆಲ್ಲ ಹೋದ ಮೇಲೆ, ಒಂದು ಟೆಸ್ಟ್ ಮಾತ್ರ ಹಟ ಹಿಡಿದು ಉಳಿಯಿತು. "ಇಂದಿನ ಬಸ್ ಹುಡುಕಿ ಬುಕ್ ಮಾಡು" ಅನ್ನುವ ಟೆಸ್ಟ್. ಪ್ರತಿ ರಾತ್ರಿ ಕೆಂಪು, ಪ್ರತಿ ಬೆಳಿಗ್ಗೆ ಹಸಿರು. ಅವಳ ಎಕ್ಸೆಲ್‌ನಲ್ಲಿ 20ಕ್ಕೆ 20 ರಾತ್ರಿಯೂ ಬಿದ್ದಿತ್ತು. ಫ್ಲೇಕಿ ಆಗಿದ್ದರೆ ಒಮ್ಮೆಯಾದರೂ ತಪ್ಪಬೇಕಿತ್ತು ಅಲ್ವಾ? ಇಷ್ಟು ನಿಯತ್ತಾಗಿ ಬೀಳುವುದು ಫ್ಲೇಕಿ ಅಲ್ಲ.

ಡೆವಲಪರ್ ಹತ್ತಿರ ಹೋದಳು. "ನನ್ನ ಮಷೀನ್‌ನಲ್ಲಿ ಸರಿಯಾಗೇ ಇದೆ" ಅಂದರು. ಅದೂ ನಿಜವೇ. ಅವರ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿತ್ತು, ಸರ್ವರ್ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಇಲ್ಲಿ ರಾತ್ರಿ 12 ದಾಟಿ ಹೊಸ ದಿನ ಶುರುವಾದರೂ, ಬೆಳಗಿನ ಜಾವ 5:30ರವರೆಗೆ ಸರ್ವರ್‌ಗೆ ಇನ್ನೂ ನಿನ್ನೆಯೇ. ಕೋಡ್‌ನಲ್ಲಿ ತಪ್ಪಿದ್ದದ್ದು ಒಂದೇ ಸಾಲು:

```java
LocalDate.now();                            // ಸರ್ವರ್‌ನಲ್ಲಿ ಇಟ್ಟಿರುವ ಸಮಯವಲಯದ ದಿನ
LocalDate.now(ZoneId.of("Asia/Kolkata"));   // ಪ್ರಯಾಣಿಕರು ಇರುವಲ್ಲಿನ ದಿನ
```

ಮೇಲಿನದು ಇದ್ದ ಕಡೆ ಕೆಳಗಿನದು ಬರಬೇಕಿತ್ತು.

ಇದರಿಂದ ಯಾರಿಗೆ ತೊಂದರೆ? ಹುಬ್ಬಳ್ಳಿಯಿಂದ ತಡರಾತ್ರಿ ಬೆಂಗಳೂರಿಗೆ ಹೊರಟ ಬಸ್ಸು ದಾವಣಗೆರೆಗೆ ಬರುವಷ್ಟರಲ್ಲಿ 12 ದಾಟಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಬ್ಬರು 12:40ಕ್ಕೆ "ಇಂದು" ಅಂತ ಒತ್ತಿದರೆ, ಆ್ಯಪ್ ನಿನ್ನೆಯ ಬಸ್‌ಗಳ ಪಟ್ಟಿಯನ್ನೇ ತೋರಿಸುತ್ತಿತ್ತು. ಅವಳದೇ ಊರು, ಅವಳಿಗೆ ಇದು ತಟ್ಟನೆ ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಅವಳು ಅಲ್ಲಿಗೇ ನಿಲ್ಲಲಿಲ್ಲ, ಇದು ನನಗೆ ಬಹಳ ಹಿಡಿಸಿತು. "ಇಂದು ಯಾವ ದಿನ" ಅಂತ ಸರ್ವರ್ ಕೇಳಿಕೊಳ್ಳುವ ಇನ್ನೊಂದು ಜಾಗ ಯಾವುದು ಅಂತ ಹುಡುಕಿದಳು. ಟಿಕೆಟ್ ರದ್ದು ಮಾಡುವ ಕಡೆ ಸಿಕ್ಕಿತು. ಹಿಂದಿನ ದಿನ ರದ್ದು ಮಾಡಿದರೆ ಜಾಸ್ತಿ ಹಣ ವಾಪಸ್, ಪ್ರಯಾಣದ ದಿನವೇ ಮಾಡಿದರೆ ಕಡಿಮೆ, ಇದು ಅವರ ನಿಯಮ. ಪ್ರಯಾಣದ ದಿನ ಬೆಳಗಿನ ಜಾವ ಎರಡು ಗಂಟೆಗೆ ರದ್ದು ಮಾಡಿದರೆ ಸರ್ವರ್ ಅದನ್ನು ಹಿಂದಿನ ದಿನ ಅಂತ ಎಣಿಸಿ ಜಾಸ್ತಿ ಹಣ ಕೊಡುತ್ತಿತ್ತು. ಜಾಸ್ತಿ ಹಣ ಬಂತು ಅಂತ ಯಾವ ಗ್ರಾಹಕ ದೂರು ಕೊಡುತ್ತಾನೆ ಹೇಳಿ! ಹಾಗಾಗಿ ಕಸ್ಟಮರ್ ಕೇರ್‌ಗೆ ಈ ತಪ್ಪು ಗೊತ್ತಾಗುವ ದಾರಿಯೇ ಇರಲಿಲ್ಲ.

ತಿದ್ದಿದ ಮೇಲೆ ಅವಳು ನಾಲ್ಕು ಗಳಿಗೆಗಳಿಗೆ ಟೆಸ್ಟ್ ಬರೆದಳು: 23:59, 00:01, 05:29, 05:31. ರಾತ್ರಿ ಎದ್ದು ಓಡಿಸುವ ಹಾಗಿಲ್ಲವಲ್ಲ, ಅದಕ್ಕೆ ಡೆವಲಪರ್ ಹತ್ತಿರ ಹೇಳಿ ಗಡಿಯಾರವನ್ನು ಹೊರಗಿನಿಂದ ಕೊಡುವ ಹಾಗೆ ಮಾಡಿಸಿದಳು. ಜಾವಾದಲ್ಲಿ `Clock.fixed` ಇದೆ, ಸಮಯವನ್ನು ಬೇಕಾದ ಗಳಿಗೆಗೆ ನಿಲ್ಲಿಸಬಹುದು. ಆಗ ಮಧ್ಯಾಹ್ನ ಊಟ ಮುಗಿಸಿ ಬಂದು ಬೆಳಗಿನ ಜಾವದ ಟೆಸ್ಟ್ ಓಡಿಸಬಹುದು.

ಇಷ್ಟೆಲ್ಲ ಮಾಡಿದ್ದವಳು ರೆಸ್ಯೂಮೆಯಲ್ಲಿ ಬರೆದದ್ದು "250ಕ್ಕೂ ಹೆಚ್ಚು ಡಿಫೆಕ್ಟ್". ಆ 250 ಎಲ್ಲಿಂದ ಬಂತು ಅಂತ ಕೇಳಿದೆ. ಅಂದಾಜು ಅಂದಳು. ಬಗ್‌ಗಳನ್ನು ದಾಖಲಿಸುವ ಜಿರಾಗೆ ಅವಳಿಗೆ ಇನ್ನೂ ಪ್ರವೇಶ ಇತ್ತು, ಮರುದಿನ ಆಫೀಸಿನಲ್ಲಿ ಇದನ್ನು ಹಾಕಿ ನೋಡು ಅಂದೆ:

```
reporter = currentUser() AND issuetype = Bug AND resolution in (Fixed, Done)
```

`resolution` ಹೆಸರುಗಳು ಪ್ರತಿ ಕಂಪನಿಯಲ್ಲೂ ಬೇರೆ ಇರಬಹುದು, ಇಲ್ಲದ ಹೆಸರು ಹಾಕಿದರೆ ಜಿರಾ ತಪ್ಪು ತೋರಿಸುತ್ತದೆ, ನಿಮ್ಮಲ್ಲಿರುವುದನ್ನು ಹಾಕಿಕೊಳ್ಳಿ. ಅವಳಿಗೆ ಬಂದದ್ದು 131. ಒಟ್ಟು ದಾಖಲಿಸಿದ್ದು 212. ಉಳಿದ 81ರಲ್ಲಿ ಮೊದಲೇ ಬೇರೆಯವರು ಹಾಕಿದ್ದು, ಮತ್ತೆ ಕಾಣಿಸಿಕೊಳ್ಳದೇ ಹೋದದ್ದು, "ಇದು ಹೀಗೇ ಇರಲಿ" ಅಂತ ಬಿಟ್ಟದ್ದು. ಮುಖ ಸಣ್ಣದಾಯಿತು ಪಾಪ. ಆದರೆ ಇಂಟರ್‌ವ್ಯೂನಲ್ಲಿ "ಹೇಗೆ ಎಣಿಸಿದಿರಿ?" ಅಂತ ಕೇಳಿದಾಗ 131ಕ್ಕೆ ಉತ್ತರ ಇದೆ, 250ಕ್ಕೆ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆ 131 ಕೂಡ ಬೇಡ. ಒಬ್ಬ ಟೆಸ್ಟರ್ ಜಾಸ್ತಿ ಬಗ್ ಹಿಡಿದ ಅಂದರೆ ಅವನು ಜಾಣ ಅಂತಲೂ ಆಗಬಹುದು, ಆ ಕೋಡ್ ಬಹಳ ಕೆಟ್ಟದಾಗಿತ್ತು ಅಂತಲೂ ಆಗಬಹುದು. ಓದುವವರಿಗೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಒಂದೇ ಒಂದು ಡಿಫೆಕ್ಟ್ ತೆಗೆದುಕೊಂಡು, ಅದು ಯಾಕೆ ಅಡಗಿತ್ತು, ಹೇಗೆ ಸಿಕ್ಕಿತು, ಯಾರಿಗೆ ನಷ್ಟ ಆಗುತ್ತಿತ್ತು ಅಂತ ಬರೆದರೆ ಸಾಕು.

ಮೂರನೇ ಸಾಲು, ರಿಲೀಸ್ ಬಗ್ಗೆ. "ಗುಣಮಟ್ಟ ಖಾತ್ರಿಪಡಿಸಿದೆ" ಅನ್ನುವುದನ್ನು ಯಾವ ಟೆಸ್ಟರ್ ಕೂಡ ಬರೆಯಬಾರದು. ಖಾತ್ರಿ ಕೊಡಲು ನಮ್ಮಿಂದ ಆಗುವುದಿಲ್ಲ. ನಾವು ಕೊಡುವುದು ಮಾಹಿತಿ: ಏನು ನೋಡಿದ್ದೇವೆ, ಏನು ನೋಡಿಲ್ಲ, ನೋಡದೆ ಬಿಟ್ಟದ್ದರಲ್ಲಿ ಏನು ಕೆಡಬಹುದು. ಬಿಡುವುದೋ ಬೇಡವೋ ಅಂತ ತೀರ್ಮಾನಿಸುವವರು ಬೇರೆ. ಹಾಗಾಗಿ ಈ ಸಾಲಿನಲ್ಲಿ ಇರಬೇಕಾದದ್ದು, ನಿಮ್ಮ ಮಾಹಿತಿಯಿಂದ ಯಾವ ತೀರ್ಮಾನ ಬದಲಾಯಿತು ಅನ್ನುವುದು.

ಅವಳಿಗೆ ಇದು ಇತ್ತು. ಪ್ರತಿ ರಿಲೀಸ್‌ಗೆ ಮುಂಚೆ ಒಂದು ಪುಟದ ಟಿಪ್ಪಣಿ ಕಳಿಸುತ್ತಿದ್ದಳು. ಒಂದು ಸಲ ಅದರಲ್ಲಿ "ಐಫೋನ್‌ನಲ್ಲಿ ಟಿಕೆಟ್ ರದ್ದು ಮಾಡುವುದನ್ನು ನೋಡಿಲ್ಲ, ಫೋನ್ ರಿಪೇರಿಗೆ ಹೋಗಿದೆ" ಅಂತ ಬರೆದಳು. ಮ್ಯಾನೇಜರ್ ಆಂಡ್ರಾಯ್ಡ್ ಮಾತ್ರ ಬಿಟ್ಟು ಐಫೋನ್ ಎರಡು ದಿನ ತಡೆಹಿಡಿದರು. ಫೋನ್ ಬಂತು, ಪರೀಕ್ಷೆ ಮಾಡಿದಳು, ಏನೂ ತಪ್ಪು ಇರಲಿಲ್ಲ. "ಏನೂ ಸಿಗಲಿಲ್ಲವಲ್ಲ, ಇದನ್ನೇನು ಬರೆಯೋದು" ಅಂತ ಅವಳು. ನಾನು ಇದನ್ನು ಮೊದಲು ಬರೆಯಬೇಕು ಅಂದೆ. ನೋಡಿಲ್ಲ ಅಂತ ಬರೆದುಕೊಡುವ ಟೆಸ್ಟರ್ ನೋಡಿದ್ದೇನೆ ಅಂದಾಗ ಅದನ್ನು ನಂಬಬಹುದು. ಕೈಯಿಂದ ಮಾಡುತ್ತಿದ್ದ ಎರಡೂವರೆ ದಿನದ ಕೆಲಸ ಅರ್ಧ ದಿನಕ್ಕೆ ಇಳಿದದ್ದು ಈ ನಂಬಿಕೆಯಿಂದಲೇ, ಬರೀ ಸೆಲೆನಿಯಂನಿಂದ ಅಲ್ಲ.

ಒಂದು ಎಚ್ಚರಿಕೆ. ಮೊದಲಿನ ಆರು ರಿಲೀಸ್‌ನಲ್ಲಿ ಗ್ರಾಹಕರಿಂದ ಬಂದ ಬಗ್ 11, ಆಮೇಲಿನ ಆರರಲ್ಲಿ 4. ಅವಳು ಇದನ್ನು "ನಾನು ಕಡಿಮೆ ಮಾಡಿದೆ" ಅಂತ ಬರೆಯಲು ಹೊರಟಿದ್ದಳು. ಅದೇ ಸಮಯದಲ್ಲಿ ಡೆವಲಪರ್‌ಗಳು ಕೋಡ್ ರಿವ್ಯೂ ಕಡ್ಡಾಯ ಮಾಡಿದ್ದರು. ಯಾವುದರಿಂದ ಎಷ್ಟು ಕಡಿಮೆಯಾಯಿತು ಅಂತ ಬಿಡಿಸಿ ಹೇಳುವುದು ಆಗದ ಮಾತು. ಅಂಕಿ ಬರೆಯಬಹುದು, ಜತೆಗೆ "ಟೀಮ್" ಅನ್ನುವ ಪದವೂ ಇರಬೇಕು. ಇನ್ನು ಶೇಕಡಾ ಲೆಕ್ಕ. 250 ನಿಮಿಷ 55 ಆಯಿತು ಅಂದರೆ ಶೇ 78 ಕಡಿತ. ಆದರೆ ಬರೀ 78 ಅಂದರೆ ಯಾವುದರಲ್ಲಿ ಅಂತ ಓದುವವರು ಕೇಳುತ್ತಾರೆ. ಎರಡೂ ಅಂಕಿ ಬರೆದರೆ ಕೇಳುವುದೇ ಇಲ್ಲ.

ಕೊನೆಗೆ ಅವಳ ಅನುಭವದ ಭಾಗ ಹೀಗಾಯಿತು:

*ಬಸ್ ಟಿಕೆಟ್ ಬುಕಿಂಗ್ ಆ್ಯಪ್, ಟೆಸ್ಟ್ ಎಂಜಿನಿಯರ್. ಬೇರೆಯವರು ಕಟ್ಟಿದ್ದ ಸೆಲೆನಿಯಂ–ಟೆಸ್ಟ್‌ಎನ್‌ಜಿ ಫ್ರೇಮ್‌ವರ್ಕ್ ವಹಿಸಿಕೊಂಡು, ಪ್ರತಿ ಟೆಸ್ಟ್‌ಗೆ ಪ್ರತ್ಯೇಕ ಬಳಕೆದಾರ ಮತ್ತು ನಾಲ್ಕು ಸಮಾನಾಂತರ ಓಟ ತಂದೆ. ರಾತ್ರಿ ಓಟ 250 ನಿಮಿಷದಿಂದ 55ಕ್ಕೆ. ಅಸರ್ಟ್ ಇಲ್ಲದ 22 ಟೆಸ್ಟ್ ಅಳಿಸಿದೆ, 158 ಉಳಿದವು.*

*ಫ್ಲೇಕಿ ಎಂದು ಬಿಟ್ಟಿದ್ದ ಒಂದು ಟೆಸ್ಟ್ ಬೆನ್ನು ಹತ್ತಿ, ಮಧ್ಯರಾತ್ರಿಯಿಂದ 5:30ರವರೆಗೆ ಸರ್ವರ್ ಹಿಂದಿನ ದಿನಾಂಕ ಎಣಿಸುವ ದೋಷ ಕಂಡುಕೊಂಡೆ. ಅದೇ ದೋಷದಿಂದ ರದ್ದತಿಯಲ್ಲಿ ಹೆಚ್ಚು ಹಣ ವಾಪಸಾಗುವುದನ್ನೂ ತೋರಿಸಿದೆ.*

*ಪ್ರತಿ ರಿಲೀಸ್‌ಗೆ ಪರೀಕ್ಷಿಸಿದ್ದು, ಪರೀಕ್ಷಿಸದ್ದು ಹೇಳುವ ಟಿಪ್ಪಣಿ ಕೊಟ್ಟೆ. ಅದರ ಮೇಲೆ ಒಮ್ಮೆ ಐಫೋನ್ ರಿಲೀಸ್ ಎರಡು ದಿನ ತಡೆಹಿಡಿಯಲಾಯಿತು. ಟೀಮಿನ ಕೈಪರೀಕ್ಷೆ ಎರಡೂವರೆ ದಿನದಿಂದ ಅರ್ಧ ದಿನಕ್ಕೆ ಇಳಿಯಿತು.*

"ವಹಿಸಿಕೊಂಡು" ಅನ್ನುವ ಪದ ಗಮನಿಸಿ. "ವಿನ್ಯಾಸ ಮಾಡಿದೆ" ಅಂತ ಬರೆದಿದ್ದರೆ, ರಿಪೋರ್ಟಿಂಗ್ ಯಾಕೆ ಹೀಗೆ ಮಾಡಿದಿರಿ ಅಂತ ನಾನು ಕೇಳುತ್ತಿದ್ದೆ, ಅವಳು ತಡಬಡಾಯಿಸುತ್ತಿದ್ದಳು. ಕಂಪನಿಯ ವ್ಯವಹಾರದ ಅಂಕಿ, ಎಷ್ಟು ಹಣ ಸೋರಿತು ಅನ್ನುವುದು ಇಲ್ಲಿಲ್ಲ, ಅದು ನಮ್ಮ ಸ್ವತ್ತಲ್ಲ. ಇನ್ನೂ ತಿದ್ದದ ದೋಷವನ್ನಂತೂ ಬರೆಯಲೇಬಾರದು.

ಈ ಲೆಕ್ಕಗಳನ್ನು ಕೆಲಸದಲ್ಲಿರುವಾಗಲೇ ಬರೆದಿಟ್ಟುಕೊಳ್ಳಿ. ಬಹಳ ಕಡೆ ಜೆಂಕಿನ್ಸ್ ಹಳೆಯ ಬಿಲ್ಡ್‌ಗಳನ್ನು ಅಳಿಸುವ ಹಾಗೆ ಇಟ್ಟಿರುತ್ತಾರೆ. 250 ನಿಮಿಷ ಇದ್ದದ್ದಕ್ಕೆ ಆರು ತಿಂಗಳ ನಂತರ ಸಾಕ್ಷಿ ಇರುವುದಿಲ್ಲ. ಕೊನೆಯ ದಿನ ಲ್ಯಾಪ್‌ಟಾಪ್ ಕೊಟ್ಟ ಮೇಲೆ ಜಿರಾನೂ ಇಲ್ಲ. ಕಂಪನಿಯ ಕಡತ ಮನೆಗೆ ತರಬೇಡಿ, ನಿಮ್ಮ ಕೆಲಸದ ನಾಲ್ಕು ಅಂಕಿ ಡೈರಿಯಲ್ಲಿ ಇದ್ದರೆ ಸಾಕು.

ಪ್ರಶ್ನೆ ಇದ್ದರೆ ಕೇಳಿ. ಹಾಂ, ಕಿಟಕಿ ಹತ್ತಿರ ಕೂತಿರುವವರು.

"ಮೇಡಂ, ರಾತ್ರಿ ಓಟ ಹತ್ತು ಗಂಟೆಗೆ ಶುರುವಾಗುವ ಹಾಗಿದ್ದರೆ ಆ ಬಗ್ ಸಿಗುತ್ತಿತ್ತಾ?"

ಒಳ್ಳೇ ಪ್ರಶ್ನೆ. 55 ನಿಮಿಷದ ಓಟ 11ರೊಳಗೆ ಮುಗಿಯುತ್ತಿತ್ತು, ಸಿಗುತ್ತಿರಲಿಲ್ಲ. ಇದನ್ನೇ ಅವಳಿಗೆ ಇಂಟರ್‌ವ್ಯೂನಲ್ಲೂ ಕೇಳಿದರಂತೆ. ಅವಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳಿದಳು: ಜೆಂಕಿನ್ಸ್ ಮಷೀನ್ ಆಫೀಸಿನಲ್ಲಿ, ಭಾರತದ ಸಮಯದಲ್ಲಿ ಇತ್ತು. ಅದೂ ಕ್ಲೌಡ್‌ನಲ್ಲಿ ಯುಟಿಸಿಯಲ್ಲಿ ಇದ್ದಿದ್ದರೆ, "ಇಂದು" ಅನ್ನುವುದನ್ನು ಟೆಸ್ಟ್ ಮತ್ತು ಸರ್ವರ್ ಎರಡೂ ಒಟ್ಟಿಗೆ ತಪ್ಪಾಗಿ ತಿಳಿದು, ಎರಡೂ ನಿನ್ನೆಯನ್ನೇ ಒಪ್ಪಿಕೊಂಡು, ದಿನಾ ಹಸಿರು ತೋರಿಸುತ್ತಿದ್ದವು. ರಾತ್ರಿ ಒಂದು ಗಂಟೆ ಅಂತ ಇಟ್ಟದ್ದು ಯಾರ ಜಾಣತನವೂ ಅಲ್ಲ, ಆ ಹೊತ್ತಿಗೆ ಮಷೀನ್ ಖಾಲಿ ಇರುತ್ತಿತ್ತು ಅಷ್ಟೇ. ಅದಕ್ಕೇ ಅವಳ ಸಾಲಿನಲ್ಲಿ "ಬೆನ್ನು ಹತ್ತಿ ಕಂಡುಕೊಂಡೆ" ಅಂತ ಇದೆ, "ಹಿಡಿಯಲು ವ್ಯವಸ್ಥೆ ಮಾಡಿದೆ" ಅಂತ ಇಲ್ಲ.